ಟ್ಯಾಂಕರ್ ಐತ್ರಿ, ಟ್ರ್ಯಾಕ್ಟರ್ ಹೊಲಕ್ಕ ಹೋಗೈತಿ

ಬ್ಯಾಡಗಿಯಲ್ಲಿ ಸೋಮವಾರ, ಗುರುವಾರ ಮಾರುಕಟ್ಟೆ ದಿನ. ಸೀಜನ್‌ನಲ್ಲಿ ಆ ಎರಡು ದಿನ ಊರೊಳಗೆ ಸೈಕಲ್ ಹೊಡೆಯೋದೂ ಕಷ್ಟ. ಮೆಣಸಿನಕಾಯಿ ಚೀಲ ಹೇರಿದ ಲಾರಿ, ಟ್ರ್ಯಾಕ್ಟರ್, ಟಂಟಂಗಳೇ ರಸ್ತೆ ತುಂಬ. 2024ರ ಮಾರ್ಚ್ 11 ಅಂಥದ್ದೇ ಒಂದು ಸೋಮವಾರ. ಅವತ್ತು ಕಾಯಿ ದರ ಒಮ್ಮೆಲೇ ಕುಸಿಯಿತೆಂದು ಸಿಟ್ಟಿಗೆದ್ದ ಜನ ಎಪಿಎಂಸಿ ಕಚೇರಿಗೆ ನುಗ್ಗಿದ್ದು, ವಾಹನಗಳಿಗೆ ಬೆಂಕಿ ಹಚ್ಚಿದ್ದು ನೀವು ಟಿವಿಯಲ್ಲಿ ನೋಡಿರಬಹುದು. ದರದ ವಿಚಾರ, ತಪ್ಪು ಯಾರದು ಅನ್ನೋ ವಿಚಾರ ಇಲ್ಲಿ ಬೇಡ. ನನ್ನ ತಲೆಯಲ್ಲಿ ಉಳಿದದ್ದು ಒಂದೇ ಸಂಗತಿ: ಅವತ್ತು ಬೆಂಕಿಗೆ ಸಿಕ್ಕ ವಾಹನಗಳಲ್ಲಿ ಅಗ್ನಿಶಾಮಕ ದಳದ್ದೂ ಒಂದಿತ್ತು.

ಬೆಂಕಿ ಆರಿಸಬೇಕಾದ ವಾಹನವೇ ಸುಟ್ಟುಹೋದರೆ ಮುಂದೇನು? ಹಾವೇರಿಯಿಂದ ಬರಬೇಕು, ರಾಣೆಬೆನ್ನೂರಿನಿಂದ ಬರಬೇಕು. ಹೆದ್ದಾರಿ ಮೋಟೆಬೆನ್ನೂರಿನ ಹತ್ತಿರ ಹಾದುಹೋಗುತ್ತದೆ, ಅಲ್ಲಿಂದ ಊರೊಳಗೆ ತಿರುಗಬೇಕು, ತಿರುಗಿದ ಮೇಲೆ ಲಾರಿಗಳ ನಡುವೆ ದಾರಿ ಸಿಗಬೇಕು. ಅಷ್ಟರವರೆಗೆ ಊರಿನ ಕೈಯಲ್ಲಿ ಏನಿದೆ? ಈ ಪ್ರಶ್ನೆ ಇಟ್ಟುಕೊಂಡು ನಾವು ಮೂರು ಊರಿನ ಗೆಳೆಯರು ರಜೆಯಲ್ಲಿ ಅವರವರ ಓಣಿಯ ಪಟ್ಟಿ ಮಾಡಲು ಕೂತೆವು. ಏಣಿ ಯಾರ ಹತ್ತಿರ, ಪಂಪು ಯಾರ ಹತ್ತಿರ, ಟ್ಯಾಂಕರ್ ಯಾರದು, ಗಾಯ ಕಟ್ಟಲು ಯಾರಿಗೆ ಬರುತ್ತದೆ. ಎರಡು ದಿನದ ಕೆಲಸ ಅಂದುಕೊಂಡಿದ್ದೆವು.

ಈ ಯೋಚನೆ ನಮ್ಮದೇನೂ ಅಲ್ಲ. ಲಾಸ್ ಏಂಜಲೀಸಿನ ಅಗ್ನಿಶಾಮಕ ಇಲಾಖೆ 1985ರಲ್ಲೇ ಸಾಮಾನ್ಯ ಜನರಿಗೆ ತರಬೇತಿ ಕೊಟ್ಟು ಓಣಿ ತಂಡಗಳನ್ನು ಕಟ್ಟಲು ಶುರು ಮಾಡಿತು. ನಮ್ಮಲ್ಲಿ 2003ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಗೃಹ ಸಚಿವಾಲಯ ಇಂಡಿಯಾ ಡಿಸಾಸ್ಟರ್ ರಿಸೋರ್ಸ್ ನೆಟ್‌ವರ್ಕ್ ಅನ್ನೋ ಜಾಲತಾಣ ತೆರೆಯಿತು. ಯಾವ ಜಿಲ್ಲೆಯಲ್ಲಿ ಯಾವ ಉಪಕರಣ, ಯಾವ ಪರಿಣತರು ಇದ್ದಾರೆ ಅಂತ ಅದರಲ್ಲಿ ದಾಖಲಾಗುತ್ತದೆ. ಆದರೆ ಅದು ಜಿಲ್ಲಾಧಿಕಾರಿ ಕಚೇರಿಯ ಮೇಜಿನ ಮೇಲಿಂದ ನೋಡುವ ಪಟ್ಟಿ. ಕ್ರೇನ್, ದೋಣಿ, ಜನರೇಟರ್ ಅಲ್ಲಿ ಸಿಗಬಹುದು. ಹಿಂದಿನ ಓಣಿಯ ಪೆಂಡಾಲ್ ಅಂಗಡಿಯವರ ಇಪ್ಪತ್ತು ಅಡಿ ಏಣಿ ಅಲ್ಲಿರೋದಿಲ್ಲ, ಇರಬೇಕಾಗಿಯೂ ಇಲ್ಲ. ಅದು ಓಣಿಯವರೇ ಇಟ್ಟುಕೊಳ್ಳಬೇಕಾದ ಲೆಕ್ಕ.

ಮೊದಲ ದಿನವೇ ಒಂದು ಪಾಠ ಆಯ್ತು. ನಾನು ಕೇಳುತ್ತಿದ್ದದ್ದು "ನಿಮ್ಮ ಹತ್ತಿರ ಏಣಿ ಇದೆಯಾ?" ಅಂತ. ಒಬ್ಬ ಅಜ್ಜಿ ಇಲ್ಲ ಅಂದರು. ಅವರ ಹಿತ್ತಲಲ್ಲೇ ಬಿದಿರಿನದು ಕಾಣಿಸುತ್ತಿತ್ತು! "ಅದಾ? ಅದು ನಿಚ್ಚಣಕಿ ಅಲ್ಲೇನೋ ತಮ್ಮಾ" ಅಂದರು. ಕಾಲೇಜಿಗೆ ಹೋಗಿ ನಮ್ಮ ಮಾತೇ ನಮಗೆ ಮರೆತಿತ್ತು. ಎರಡನೆಯ ಪಾಠ ಇನ್ನೂ ದೊಡ್ಡದು. ಟ್ಯಾಂಕರ್ ಇರುವವರ ಮನೆಗೆ ಹೋದಾಗ ಅವರು ಹೇಳಿದ್ದು: "ಟ್ಯಾಂಕರ್ ಐತ್ರಿ, ಇಲ್ಲೇ ನಿಂತೈತಿ ನೋಡ್ರಿ. ಆದ್ರ ಟ್ರ್ಯಾಕ್ಟರ್ ಹೊಲಕ್ಕ ಹೋಗೈತಿ, ಸಂಜಿಗೆ ಬರ್ತೈತಿ."

ನಮ್ಮ ಕಡೆ ನೀರಿನ ಟ್ಯಾಂಕರ್ ಅಂದರೆ ಹೆಚ್ಚಾಗಿ ಟ್ರ್ಯಾಕ್ಟರ್ ಹಿಂದೆ ಕಟ್ಟುವ ಟ್ರೇಲರ್. ಟ್ರ್ಯಾಕ್ಟರ್ ಕಳಚಿಕೊಂಡು ಬಿತ್ತನೆಗೆ ಹೋದರೆ ಅದು ಚಕ್ರ ಇರುವ ಡ್ರಮ್ ಅಷ್ಟೇ. ಹಾಗಾಗಿ ನಮ್ಮ ಶೀಟಿನಲ್ಲಿ "ಇದೆ / ಇಲ್ಲ" ಅನ್ನೋ ಕಾಲಮ್ ಅಳಿಸಿ ಅದರ ಜಾಗದಲ್ಲಿ "ಫೋನ್ ಮಾಡಿದ ಮೇಲೆ ಓಣಿ ಬಾಯಿಗೆ ಬರಲು ಎಷ್ಟು ನಿಮಿಷ" ಅಂತ ಬರೆದೆವು. ಜೊತೆಗೆ ಮೂರು ಪ್ರಶ್ನೆ: ಕೀಲಿ ಯಾರ ಹತ್ತಿರ, ಅವರಿಲ್ಲದಾಗ ಯಾರು ಓಡಿಸುತ್ತಾರೆ, ಯಾವ ತಿಂಗಳು ಯಾವ ಹೊತ್ತಿನಲ್ಲಿ ಇದು ಊರಲ್ಲಿ ಇರೋದಿಲ್ಲ. ಎರಡು ದಿನದ ಕೆಲಸ ಹತ್ತು ದಿನಕ್ಕೆ ಹೋದದ್ದು ಹೀಗೆ.

ಈಗ ಲೆಕ್ಕಕ್ಕೆ ಬರೋಣ. ಮಾರುಕಟ್ಟೆ ಹಿಂದಿನ ಓಣಿಯೊಂದರಲ್ಲಿ ಕಾಯಿ ತುಂಬಿದ ಗೋದಾಮಿಗೆ ಬೆಂಕಿ ಬಿದ್ದಿದೆ ಅಂದುಕೊಳ್ಳಿ. ಅಗ್ನಿಶಾಮಕ ವಾಹನ ಬಂದಿದೆ, ಅದರಲ್ಲಿ 4500 ಲೀಟರ್ ನೀರಿದೆ. ಒಂದು ಹೋಸಿನಿಂದ ನಿಮಿಷಕ್ಕೆ 450 ಲೀಟರ್ ಹೊಡೆದರೆ ಹತ್ತು ನಿಮಿಷಕ್ಕೆ ಖಾಲಿ. ಒಣಮೆಣಸಿನಕಾಯಿ ಚೀಲದ ಅಟ್ಟಿ ಹತ್ತು ನಿಮಿಷಕ್ಕೆ ಆರುವ ಬೆಂಕಿಯಲ್ಲ. ಮೇಲೆ ತಣ್ಣಗಾದರೂ ಒಳಗೊಳಗೇ ಕುದಿಯುತ್ತಿರುತ್ತದೆ. ಆಗ ಬೇಕಾದದ್ದು ಊರಿನ ಟ್ಯಾಂಕರ್‌ಗಳು ಸಾಲಾಗಿ ನೀರು ತರೋದು.

ಒಂದು ಟ್ಯಾಂಕರ್ 5000 ಲೀಟರಿನದು. ಬೋರ್‌ವೆಲ್ ನಿಮಿಷಕ್ಕೆ 200 ಲೀಟರ್ ಕೊಟ್ಟರೆ ತುಂಬಲು 25 ನಿಮಿಷ. ಹೋಗಲು 10, ವಾಪಸ್ 10. ಮೂರು ಇಂಚಿನ ವಾಲ್ವ್‌ನಿಂದ ಖಾಲಿ ಮಾಡಲು 15. ಒಂದು ಸುತ್ತಿಗೆ ಒಟ್ಟು 60 ನಿಮಿಷ. ಅಂದರೆ ಒಂದು ಟ್ಯಾಂಕರ್ ಬೆಂಕಿಯ ಹತ್ತಿರ ತಂದು ಹಾಕುವ ನೀರು ಸರಾಸರಿ ನಿಮಿಷಕ್ಕೆ 83 ಲೀಟರ್. ಮೂರು ಟ್ಯಾಂಕರ್ ಇದ್ದರೆ 250 ಲೀಟರ್ ಅಂತ ಅನಿಸುತ್ತದೆ, ಅಲ್ವಾ? ಆಗೋದಿಲ್ಲ. ತುಂಬುವ ಜಾಗ ಒಂದೇ ಆಗಿದ್ದರೆ ಅಲ್ಲಿಂದ ಹೊರಬರುವ ನೀರೇ ನಿಮಿಷಕ್ಕೆ 200 ಲೀಟರ್. ಮೂರನೆಯ ಟ್ಯಾಂಕರ್ ಬೋರ್‌ವೆಲ್ ಮುಂದೆ ಪಾಳಿ ಹಚ್ಚಿ ನಿಲ್ಲುತ್ತದೆ. ನಾಲ್ಕನೆಯದು, ಐದನೆಯದು ಬಂದರೆ ಪಾಳಿ ಉದ್ದ ಆಗುತ್ತದೆ, ನೀರು ಒಂದು ಹನಿಯೂ ಹೆಚ್ಚಾಗೋದಿಲ್ಲ. ಹತ್ತಿರದ ಬೋರ್‌ವೆಲ್ ಹುಡುಕಿ ದಾರಿಯನ್ನು ಅರ್ಧಕ್ಕಿಳಿಸಿದರೂ ಅಷ್ಟೇ, 200ರ ಗೋಡೆ ಅಲ್ಲೇ ಇರುತ್ತದೆ.

ಈಗ ಬೋರ್‌ವೆಲ್ ಬಿಟ್ಟು ಓವರ್‌ಹೆಡ್ ಟ್ಯಾಂಕಿನ ಕೆಳಗಿನ ದಪ್ಪ ಪೈಪಿನಿಂದ ನಿಮಿಷಕ್ಕೆ 1000 ಲೀಟರ್ ಸಿಕ್ಕಿತು ಅನ್ನಿ. ತುಂಬಲು 5 ನಿಮಿಷ ಸಾಕು. ಸುತ್ತು 40 ನಿಮಿಷಕ್ಕೆ ಇಳಿಯುತ್ತದೆ, ಅದೇ ಮೂರು ಟ್ಯಾಂಕರ್ ನಿಮಿಷಕ್ಕೆ 375 ಲೀಟರ್ ತರುತ್ತವೆ. ಹೊಸ ವಾಹನ ಒಂದೂ ಬೇಕಾಗಲಿಲ್ಲ. ಇದು ಗೊತ್ತಾದ ಮೇಲೆ ನಮ್ಮ ನಕ್ಷೆಯಲ್ಲಿ ಟ್ಯಾಂಕರ್ ಚಿಹ್ನೆ ಚಿಕ್ಕದಾಯ್ತು, ನೀರು ತುಂಬುವ ಜಾಗದ ಚಿಹ್ನೆ ದೊಡ್ಡದಾಯ್ತು. ಯಾವ ಓವರ್‌ಹೆಡ್ ಟ್ಯಾಂಕಿಗೆ ಟ್ಯಾಂಕರ್ ತುಂಬುವ ಪೈಪ್ ಇದೆ, ಅದರ ವಾಲ್ವ್ ತಿರುಗಿಸುವ ಕೀಲಿ ಯಾವ ವಾಲ್ವ್‌ಮನ್ ಹತ್ತಿರ, ಅಲ್ಲಿ ಟ್ರೇಲರ್ ಹಿಂದೆ ಮುಂದೆ ಆಡಿಸಿ ತಿರುಗಿಸಲು ಜಾಗ ಇದೆಯಾ, ಇವಿಷ್ಟನ್ನು ಹೋಗಿ ನೋಡಿ ಬರೆಯಬೇಕು. ಹೊರಡುವ ಮೊದಲು ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಈಗಾಗಲೇ ಏನು ಗುರುತಾಗಿದೆ ಅಂತ ನೋಡಲು ಓವರ್‌ಪಾಸ್ ಟರ್ಬೋದಲ್ಲಿ ಇಷ್ಟು ಸಾಕು:

```
[out:json];
nwr["man_made"="water_tower"](14.65,75.45,14.71,75.52);
out center;
```

ಆವರಣದೊಳಗಿನ ಸಂಖ್ಯೆಗಳು ಬ್ಯಾಡಗಿ ಸುತ್ತಲಿನ ಚೌಕ. ನಿಮ್ಮ ಊರಿನದು ಹಾಕಿಕೊಳ್ಳಿ. ಫಲಿತಾಂಶ ಖಾಲಿ ಬಂದರೆ ಊರಲ್ಲಿ ಟ್ಯಾಂಕ್ ಇಲ್ಲ ಅಂತಲ್ಲ, ಯಾರೂ ಗುರುತು ಹಾಕಿಲ್ಲ ಅಂತ. ಹಾಕಿ ಬನ್ನಿ.

ಬೋರ್‌ವೆಲ್ ನಂಬಿಕೊಳ್ಳುವವರು ಇನ್ನೊಂದು ಮಾತು ಗಮನಿಸಬೇಕು. ಬೆಂಕಿ ಬಿದ್ದ ಕೂಡಲೇ ಮೊದಲು ಮಾಡುವ ಕೆಲಸ ಹೆಸ್ಕಾಂಗೆ ಫೋನ್ ಮಾಡಿ ಆ ಲೈನಿನ ಕರೆಂಟ್ ತೆಗೆಸೋದು. ಮಾಡಲೇಬೇಕಾದ ಕೆಲಸವೇ. ಆದರೆ ನೀವು ನೀರು ತುಂಬುವ ಸಬ್‌ಮರ್ಸಿಬಲ್ ಪಂಪು ಅದೇ ಲೈನಿನಲ್ಲಿದ್ದರೆ? ಬೆಂಕಿಗೆ ಕರೆಂಟ್ ಹೋಯ್ತು, ಅದರ ಜೊತೆ ನೀರೂ ಹೋಯ್ತು. ಹೊಲದ ಪಂಪ್‌ಸೆಟ್ ಆದರೆ ತ್ರೀ ಫೇಸ್ ದಿನವಿಡೀ ಇರೋದೇ ಇಲ್ಲ. ಹಾಗಾಗಿ ಪ್ರತಿ ಬೋರ್‌ವೆಲ್ ಮುಂದೆ ಅದು ಯಾವ ಟ್ರಾನ್ಸ್‌ಫಾರ್ಮರಿನದು ಅಂತ ಬರೆದುಕೊಳ್ಳಿ. ಕಂಬದಿಂದ ಕಂಬಕ್ಕೆ ತಂತಿ ನೋಡುತ್ತಾ ಅರ್ಧ ತಾಸು ನಡೆದರೆ ಗೊತ್ತಾಗುತ್ತದೆ, ಗೊತ್ತಾಗದಿದ್ದರೆ ಲೈನ್‌ಮನ್ ಹೇಳುತ್ತಾರೆ. ನಮ್ಮ ಓಣಿಯಲ್ಲಿ ಹತ್ತಿರದ ಎರಡು ಬೋರ್‌ವೆಲ್ ಒಂದೇ ಟ್ರಾನ್ಸ್‌ಫಾರ್ಮರಿನವು. ಕಾಗದದ ಮೇಲೆ ಎರಡು, ಆಪತ್ತಿನಲ್ಲಿ ಒಂದೂ ಇಲ್ಲ.

ಡೀಸೆಲ್ ಪಂಪು ಇದ್ದರೆ ಕರೆಂಟಿನ ಹಂಗಿಲ್ಲ. ರಾಣೆಬೆನ್ನೂರು ತಾಲೂಕಿನಲ್ಲಿ ತುಂಗಭದ್ರೆಯ ದಂಡೆಯ ಊರುಗಳ ಕಡೆಯ ಗೆಳೆಯನಿಗೆ ಅದರ ಪರಿಚಯ ಚೆನ್ನಾಗಿದೆ. ಮಳೆಗಾಲದಲ್ಲಿ ಮನೆಗೆ ನುಗ್ಗಿದ ನೀರು ಹೊರಹಾಕಲೂ ಅದೇ ಬೇಕು. ಇಲ್ಲಿ ಮರೆಯಬಾರದ ಭೌತಶಾಸ್ತ್ರ ಒಂದಿದೆ. ಮೇಲೆ ಕೂತ ಪಂಪು ನೀರನ್ನು ಎಳೆಯೋದಿಲ್ಲ, ಪೈಪಿನಲ್ಲಿ ಗಾಳಿ ತೆಗೆಯುತ್ತದೆ. ನೀರನ್ನು ಮೇಲಕ್ಕೆ ತಳ್ಳೋದು ಹೊರಗಿನ ವಾತಾವರಣದ ಒತ್ತಡ. ಅದರ ಮಿತಿ ಪುಸ್ತಕದಲ್ಲಿ 10.3 ಮೀಟರ್, ನಿಜವಾಗಿ 6–7 ಮೀಟರ್. ಬಾವಿಯ ನೀರು ಬೇಸಿಗೆಯಲ್ಲಿ ಅದಕ್ಕಿಂತ ಕೆಳಗಿಳಿದರೆ ಎಷ್ಟು ಹಾರ್ಸ್‌ಪವರ್ ಇದ್ದರೂ ಉಪಯೋಗವಿಲ್ಲ. ಆದ್ದರಿಂದ ಬಾವಿಯ ಮುಂದೆ ಜುಲೈನ ಆಳ ಒಂದು, ಏಪ್ರಿಲ್‌ನ ಆಳ ಒಂದು, ಎರಡೂ ಬೇಕು. ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟರೆ ಅಳತೆ ಸಿಗುತ್ತದೆ. ಪಂಪಿನ ಜೊತೆ ಸಕ್ಷನ್ ಪೈಪ್, ಫುಟ್‌ವಾಲ್ವ್ ಇದೆಯಾ ನೋಡಿ. ಇಲ್ಲೇ ಹೆಚ್ಚು ಮಂದಿ ಸಿಕ್ಕಿಬೀಳೋದು: ಪಂಪು ಒಬ್ಬರ ಮನೆಯಲ್ಲಿ, ಪೈಪು ಇನ್ನೊಬ್ಬರ ಹೊಲದಲ್ಲಿ, ಒಂದರ ಬಾಯಿ ಎರಡು ಇಂಚು, ಇನ್ನೊಂದರದು ಎರಡೂವರೆ. ಅಗ್ನಿಶಾಮಕ ದಳದ ಹೋಸಿನ ಕಪ್ಲಿಂಗ್ ಬೇರೆಯದೇ ಥರದ್ದು, ನಮ್ಮ ಕೃಷಿ ಪೈಪಿಗೆ ನೇರ ಕೂರೋದಿಲ್ಲ. ಠಾಣೆಗೆ ಒಮ್ಮೆ ಹೋಗಿ, ಟ್ಯಾಂಕರ್ ನೀರನ್ನು ಅವರ ವಾಹನಕ್ಕೆ ಹೇಗೆ ತುಂಬಿಸಿಕೊಳ್ಳುತ್ತಾರೆ ಅಂತ ಕೇಳಿ. ಮೇಲಿನ ಮುಚ್ಚಳ ತೆಗೆದು ಪೈಪ್ ಇಳಿಬಿಡುವ ದಾರಿ ಯಾವ ಅಡಾಪ್ಟರೂ ಇಲ್ಲದೆ ನಡೆಯುತ್ತದೆ.

ಏಣಿಯ ಲೆಕ್ಕ ಇಷ್ಟು ಕಷ್ಟದ್ದಲ್ಲ, ಆದರೆ ಉದ್ದ ಕೇಳಿ ಮೋಸ ಹೋಗಬೇಡಿ. ಇಪ್ಪತ್ತು ಅಡಿಯ ನಿಚ್ಚಣಿಕೆಯ ಬುಡವನ್ನು ಗೋಡೆಯಿಂದ ಐದು ಅಡಿ ದೂರ ಇಡಬೇಕು. ಪೈಥಾಗೊರಸ್ ಹಾಕಿದರೆ ಅದು ಮುಟ್ಟೋದು 19 ಅಡಿ ಚಿಲ್ಲರೆ. ಇಳಿಯುವವರಿಗೆ ಕೈಗೆ ಹಿಡಿತ ಸಿಗಬೇಕೆಂದರೆ ಮಾಳಿಗೆಯ ಅಂಚಿನ ಮೇಲೆ ಮೂರು ಅಡಿ ಎದ್ದಿರಬೇಕು. ಉಳಿದದ್ದು 16 ಅಡಿ. ನೆಲಮಹಡಿ ಮನೆಯ ಮಾಳಿಗೆಗೆ ಆಯ್ತು, ಎರಡನೇ ಮಹಡಿಯ ಮಾಳಿಗೆಯಿಂದ ಮುದುಕರನ್ನು ಇಳಿಸಲು ಆಗೋದಿಲ್ಲ. ನಮ್ಮ ಪಟ್ಟಿಯಲ್ಲಿ ಏಣಿಯ ಮುಂದೆ ಅದರ ಉದ್ದ ಬರೆಯೋದಿಲ್ಲ, ಯಾವ ಯಾವ ಮನೆಗೆ ಸಾಕಾಗುತ್ತದೆ ಅಂತ ಬರೆಯುತ್ತೇವೆ. ಇನ್ನೊಂದು, ಅಲ್ಯೂಮಿನಿಯಂ ಏಣಿ ಹಗುರ, ಒಬ್ಬರೇ ಹೊತ್ತು ತರಬಹುದು, ಆದರೆ ಮನೆ ಮುಂದೆಯೇ ವಿದ್ಯುತ್ ತಂತಿ ಹಾದಿರುವ ಓಣಿಯಲ್ಲಿ ಅದನ್ನು ಎತ್ತಿ ನಿಲ್ಲಿಸೋದು ಸಾವಿಗೆ ಕರೆ ಕೊಟ್ಟಂತೆ. ಅಂಥ ಓಣಿಗಳಿಗೆ ನಕ್ಷೆಯಲ್ಲಿ ಕೆಂಪು ಗೆರೆ ಎಳೆದು, ಒಣ ಬಿದಿರಿನದು ಅಥವಾ ಫೈಬರಿನದು ಮಾತ್ರ ಅಂತ ಬರೆದಿದ್ದೇವೆ. ಅವೂ ಒದ್ದೆಯಾದರೆ ಭರವಸೆಯಿಲ್ಲ, ಕರೆಂಟ್ ತೆಗೆದದ್ದು ಖಾತ್ರಿಯಾದ ಮೇಲೇ ಎತ್ತಬೇಕು. ಹುಡುಕಲು ಜಾಗ ಬೇಕಾದರೆ: ಪೆಂಡಾಲ್ ಅಂಗಡಿ, ಪೇಂಟರುಗಳು, ಕೇಬಲ್ ಟಿವಿಯವರು, ಗುಡಿ. ಮದುವೆ ಸೀಜನ್‌ನಲ್ಲಿ ಪೆಂಡಾಲ್ ಅಂಗಡಿ ಖಾಲಿ ಇರುತ್ತದೆ ಅನ್ನೋದನ್ನೂ ಬರೆಯಿರಿ.

ಪ್ರಥಮ ಚಿಕಿತ್ಸೆ ಬಲ್ಲವರ ಪಟ್ಟಿ ಮಾಡೋದು ಎಲ್ಲಕ್ಕಿಂತ ನಾಜೂಕಿನ ಕೆಲಸ. "ನನಗೆ ಬರ್ತದ" ಅನ್ನುವವರು ಬಹಳ. ಸರ್ಟಿಫಿಕೇಟ್ ಇದ್ದವರಲ್ಲೂ ಎನ್‌ಎಸ್‌ಎಸ್ ಕ್ಯಾಂಪಿನಲ್ಲಿ ಒಮ್ಮೆ ಗೊಂಬೆಯ ಎದೆ ಒತ್ತಿದ್ದು ಬಿಟ್ಟರೆ ಮತ್ತೆ ಮುಟ್ಟದವರೇ ಹೆಚ್ಚು, ನಾನೂ ಸೇರಿ. ಪರೀಕ್ಷೆ ಮಾಡಿದ ಹಾಗೆ ಅನಿಸದಂತೆ ಒಂದೇ ಪ್ರಶ್ನೆ ಕೇಳುತ್ತಿದ್ದೆವು: "ಕೈ ಸುಟ್ಟುಕೊಂಡವರು ಬಂದರೆ ಮೊದಲು ಏನು ಮಾಡ್ತೀರಿ?" ತಣ್ಣೀರು ಹರಿಯಲು ಬಿಟ್ಟು ಇಪ್ಪತ್ತು ನಿಮಿಷ ಹಿಡಿಯುತ್ತೇನೆ ಅಂದವರು ಪಟ್ಟಿಗೆ ಬಂದರು. ಪೇಸ್ಟ್ ಹಚ್ಚುತ್ತೇನೆ, ಮಸಿ ಹಚ್ಚುತ್ತೇನೆ ಅಂದವರ ಹೆಸರು ತರಬೇತಿಯ ಕಾಲಮ್ಮಿಗೆ ಹೋಯ್ತು. ಅವರೇನೂ ಬೇಜಾರು ಮಾಡಿಕೊಳ್ಳಲಿಲ್ಲ. ಪಕ್ಕದ ಮನೆಯ ನರ್ಸ್ ಅಕ್ಕಾರು ಪಟ್ಟಿಯ ಮೊದಲ ಹೆಸರು ಅಂದುಕೊಂಡಿದ್ದೆವು. ಆದರೆ ಹಗಲು ಅವರು ಡ್ಯೂಟಿಯಲ್ಲಿ, ಓಣಿಯಲ್ಲಿ ಅಲ್ಲ. ಹಗಲು ಓಣಿಯಲ್ಲಿ ನಿಜವಾಗಿ ಇರೋದು ಆಶಾ ಕಾರ್ಯಕರ್ತೆ, ಕಿರಾಣಿ ಅಂಗಡಿಯವರು, ಕಾಯಿ ತೊಟ್ಟು ಬಿಡಿಸುವ ಹೆಣ್ಣುಮಕ್ಕಳು. ಹಾಗಾಗಿ ಈ ಪಟ್ಟಿ ಎರಡು, ಹಗಲಿನದೊಂದು ರಾತ್ರಿಯದೊಂದು.

ಕಾಯಿ ಬೆಂಕಿಯ ಹೊಗೆ ಬಗ್ಗೆ ಎಲ್ಲರಿಗೂ ಒಂದು ಎಚ್ಚರಿಕೆ ಕೊಡಲೇಬೇಕು. ಮನೆಯಲ್ಲಿ ಒಂದು ಒಗ್ಗರಣೆ ಸೀದರೆ ಓಣಿಯೆಲ್ಲ ಕೆಮ್ಮುತ್ತದೆ; ಇಲ್ಲಿ ಸುಡುತ್ತಿರೋದು ಚೀಲಗಟ್ಟಲೆ. ಮುಖಕ್ಕೆ ಒದ್ದೆ ಟವೆಲ್ ಕಟ್ಟಿಕೊಂಡು ಒಳಗೆ ನುಗ್ಗುವ ಧೈರ್ಯವಂತರು ಪ್ರತಿ ಊರಲ್ಲೂ ಇದ್ದಾರೆ. ಆ ಟವೆಲ್ ಕಾರ್ಬನ್ ಮೊನಾಕ್ಸೈಡನ್ನು ತಡೆಯೋದಿಲ್ಲ. ಓಣಿ ತಂಡದ ಕೆಲಸ ಗಾಳಿ ಬೀಸುವ ಕಡೆಯ ಮನೆಗಳನ್ನು ಖಾಲಿ ಮಾಡಿಸೋದು, ಪಕ್ಕದ ಗೋಡೆಗೆ ನೀರು ಹಾಕೋದು, ರಸ್ತೆ ತೆರವು ಮಾಡೋದು, ಅಷ್ಟೇ.

ಇದನ್ನು ಹೇಳುವಾಗ ನನಗೆ ಆಲದಕಟ್ಟಿ ನೆನಪಾಗುತ್ತದೆ. 2023ರ ಆಗಸ್ಟ್ 29ರಂದು ಹಾವೇರಿ ಪಕ್ಕದ ಆ ಊರಿನ ಹತ್ತಿರ ಪಟಾಕಿ ಗೋದಾಮಿಗೆ ಬೆಂಕಿ ಬಿತ್ತು. ವೆಲ್ಡಿಂಗ್ ಕಿಡಿಯಿಂದ ಅಂತ ಆಗ ಹೇಳಲಾಯಿತು. ಒಳಗಿದ್ದ ಕೆಲಸಗಾರರು ಜೀವ ಕಳೆದುಕೊಂಡರು. ಅಂಥ ಜಾಗದಲ್ಲಿ ನಮ್ಮ ಏಣಿ, ನಮ್ಮ ಟ್ಯಾಂಕರ್ ಯಾವುದಕ್ಕೂ ಬಾರವು. ಹತ್ತಿರ ಹೋದವರೂ ಸಿಕ್ಕಿಬೀಳುತ್ತಾರೆ. ಆ ಮೇಲೆ ನಮ್ಮ ನಕ್ಷೆಗೆ ಇನ್ನೊಂದು ಪದರ ಸೇರಿತು: ಪಟಾಕಿ, ಗ್ಯಾಸ್ ಸಿಲಿಂಡರ್, ಕೀಟನಾಶಕ, ಅಮೋನಿಯ ಬಳಸುವ ಕೋಲ್ಡ್ ಸ್ಟೋರೇಜ್. ಈ ಚಿಹ್ನೆ ಇದ್ದಲ್ಲಿ ತಂಡದ ಕೆಲಸ ಜನರನ್ನು ದೂರ ಒಯ್ಯೋದು ಮತ್ತು 112ಕ್ಕೆ ಫೋನ್ ಮಾಡುವಾಗ ಒಳಗೆ ಏನಿದೆ ಅಂತ ಸ್ಪಷ್ಟವಾಗಿ ಹೇಳೋದು. ಆ ಒಂದು ವಾಕ್ಯದಿಂದ ಬರುವ ವಾಹನ ಯಾವುದು, ಜೊತೆಗೆ ಏನು ತರಬೇಕು ಅನ್ನೋದು ಬದಲಾಗುತ್ತದೆ.

ಇಷ್ಟೆಲ್ಲ ಮಾಹಿತಿ ಕೂಡಿಸಿದ ಮೇಲೆ ಅದನ್ನು ಎಲ್ಲಿ ಇಡೋದು? ನಮ್ಮಲ್ಲಿ ಒಬ್ಬ ಎಲ್ಲವನ್ನೂ ಗೂಗಲ್ ಮ್ಯಾಪ್‌ನಲ್ಲಿ ಪಿನ್ ಹಾಕಿ ಲಿಂಕ್ ಹಂಚಿಬಿಡೋಣ ಅಂದ. ಜಗಳವೇ ಆಯ್ತು. ಓವರ್‌ಹೆಡ್ ಟ್ಯಾಂಕ್ ಎಲ್ಲಿದೆ ಅನ್ನೋದು ಎಲ್ಲರಿಗೂ ಕಾಣುವ ಸಂಗತಿ, ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಹೋಗಲಿ. ಆದರೆ ಯಾರ ಮನೆಯಲ್ಲಿ ಜನರೇಟರ್ ಇದೆ, ಯಾರ ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜ ಒಬ್ಬರೇ ಇರುತ್ತಾರೆ ಅನ್ನೋದು ಕಳ್ಳರಿಗೂ ಉಪಯುಕ್ತ ಪಟ್ಟಿ. ಕೊನೆಗೆ ಓಣಿಗೆ ಎರಡೇ ಪ್ರತಿ, ಕಾಗದದಲ್ಲಿ, ಪ್ಲಾಸ್ಟಿಕ್ ಹಾಕಿಸಿ. ಒಂದು ಓಣಿಯ ಹಿರಿಯರ ಮನೆಯಲ್ಲಿ, ಇನ್ನೊಂದು ಕಿರಾಣಿ ಅಂಗಡಿಯಲ್ಲಿ. ನೆಟ್‌ವರ್ಕ್ ಹೋದರೂ ಕಾಗದ ಇರುತ್ತದೆ. ಹೆಸರು ಹಾಕುವ ಮೊದಲು ಪ್ರತಿಯೊಬ್ಬರನ್ನು ಕೇಳಿದ್ದೇವೆ; ಬೇಡ ಅಂದವರ ಹೆಸರಿಲ್ಲ.

ಬೇಡ ಅಂದವರ ಭಯ ಒಂದೇ: "ಒಯ್ದು ಮುರುದ್ರ ಯಾರು ಕೊಡ್ತಾರ?" ನ್ಯಾಯವಾದ ಪ್ರಶ್ನೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ 65ನೇ ಸೆಕ್ಷನ್ ಪ್ರಕಾರ ಖಾಸಗಿ ವಾಹನ, ಸಾಮಗ್ರಿಗಳನ್ನು ವಶಕ್ಕೆ ಪಡೆಯುವ ಅಧಿಕಾರ ಜಿಲ್ಲಾ ಪ್ರಾಧಿಕಾರದಂಥ ಸಂಸ್ಥೆಗಳಿಗಿದೆ, 66ನೇ ಸೆಕ್ಷನ್‌ನಲ್ಲಿ ಅದಕ್ಕೆ ಪರಿಹಾರವೂ ಇದೆ. ನಮ್ಮಂಥ ಓಣಿ ತಂಡಕ್ಕೆ ಆ ಅಧಿಕಾರ ಇಲ್ಲ. ನಮಗಿರೋದು ಮುಂಚೆಯೇ ಕೇಳಿಕೊಂಡ ಒಪ್ಪಿಗೆ ಮಾತ್ರ. ಡೀಸೆಲ್ ಯಾರು ಹಾಕಿಸುತ್ತಾರೆ, ಹೋಸ್ ಹರಿದರೆ ಯಾರು ಕೊಡಿಸುತ್ತಾರೆ ಅಂತ ಗಣಪತಿ ಪಟ್ಟಿಯ ಲೆಕ್ಕದ ಹಾಗೆ ಓಣಿಯವರೇ ಕೂತು ಮಾತಾಡಿಕೊಂಡ ಮೇಲೆ ಇಲ್ಲ ಅಂದಿದ್ದ ಪೆಂಡಾಲ್ ಅಂಗಡಿಯ ಕಾಕಾ ಹೂಂ ಅಂದರು.

ಪಟ್ಟಿ ಹಳಸುತ್ತದೆ. ಟ್ಯಾಂಕರ್ ಮಾರಿರುತ್ತಾರೆ, ನಂಬರ್ ಬದಲಾಗಿರುತ್ತದೆ, ಮಗ ಬೆಂಗಳೂರಿಗೆ ಹೋಗಿರುತ್ತಾನೆ. ಅದಕ್ಕೆ ಮೂರು ತಿಂಗಳಿಗೊಮ್ಮೆ ಹೇಳದೆ ಕೇಳದೆ ಒಂದು ದಿನ ಎಲ್ಲರಿಗೂ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳುತ್ತೇವೆ: "ಈಗ, ಈ ಕ್ಷಣ, ಎಲ್ಲಿದೆ?" ಭಾನುವಾರ ಬೆಳಿಗ್ಗೆ ಕೇಳಿದರೆ ಎಲ್ಲ ಮನೆಯಲ್ಲೇ ಇರುತ್ತದೆ, ಲೆಕ್ಕ ಚೆಂದ ಕಾಣುತ್ತದೆ. ಹಾಗಾಗಿ ಬ್ಯಾಡಗಿಯಲ್ಲಿ ನಾವು ಫೋನ್ ಮಾಡೋದು ಸೀಜನ್ನಿನ ಸೋಮವಾರ, ಮಧ್ಯಾಹ್ನ ಹನ್ನೆರಡಕ್ಕೆ. ಕಳೆದ ಸಲ ಮೊದಲ ಫೋನ್ ಟ್ಯಾಂಕರ್‌ನವರಿಗೇ ಹೋಯ್ತು. "ಟ್ರ್ಯಾಕ್ಟರ್ ಎಪಿಎಂಸಿ ಗೇಟಿನ ಪಾಳಿಯೊಳಗ ಐತಿ ತಮ್ಮಾ, ಮುಂದ ಹದಿನೈದು ಗಾಡಿ ಅದಾವು" ಅಂದರು. ಶೀಟಿನಲ್ಲಿ ಹನ್ನೆರಡು ನಿಮಿಷ ಅಂತಿತ್ತು. ಹೊಡೆದುಹಾಕಿ, "ಸೋಮವಾರ, ಗುರುವಾರ: ಇಲ್ಲ" ಅಂತ ಬರೆದು ಮುಂದಿನ ನಂಬರ್ ಒತ್ತಿದೆವು.